ವ್ಯತ್ಯಾಸ ವರ್ಧಕದ ಲೆಕ್ಕಾಚಾರ: ನಾಲ್ಕು ರೆಸಿಸ್ಟರ್‌ಗಳ ತಾಳೆ ತಪ್ಪಿದರೆ

ಇನ್ವರ್ಟರ್, ಸೌರ ವಿದ್ಯುತ್ ವ್ಯವಸ್ಥೆ ಅಥವಾ ಬ್ಯಾಟರಿ ಚಾರ್ಜರ್ ತಯಾರಿಸುವ ಸಣ್ಣ ಘಟಕಗಳಲ್ಲಿ ಆಗಾಗ್ಗೆ ಎದುರಾಗುವ ದೂರೊಂದಿದೆ. ಬ್ಯಾಟರಿಯಿಂದ ಹರಿಯುವ ಕರೆಂಟನ್ನು ತೋರಿಸಬೇಕಾದ ಮೀಟರು, ಯಾವ ಲೋಡೂ ಇಲ್ಲದಿರುವಾಗಲೇ ಹತ್ತು ಹದಿನೈದು ಆಂಪಿಯರ್ ತೋರಿಸುತ್ತದೆ. ಮಾದರಿಯಾಗಿ ತಯಾರಿಸಿದ ಮೊದಲ ಎರಡು ಮೂರು ಬೋರ್ಡುಗಳು ಸರಿಯಾಗಿದ್ದವು; ನೂರರ ಲೆಕ್ಕದಲ್ಲಿ ತಯಾರಾದ ಮೇಲೆ ಕೆಲವು ಸರಿಯಾಗಿವೆ, ಕೆಲವು ಸರಿಯಿಲ್ಲ. ಬಿಡಿಭಾಗ ಪೂರೈಸಿದ ವ್ಯಾಪಾರಿಯನ್ನು ಕೇಳಿದರೆ, ಶೇಕಡಾ 1ರ ರೆಸಿಸ್ಟರ್ ಕೇಳಿದಿರಿ, ಶೇಕಡಾ 1ರದ್ದನ್ನೇ ಕೊಟ್ಟಿದ್ದೇವೆ ಎನ್ನುತ್ತಾನೆ. ಅಳೆದು ನೋಡಿದರೆ ಅವನ ಮಾತು ನಿಜವಾಗಿರುತ್ತದೆ. ಹಾಗಾದರೆ ಶೇಕಡಾ 1ರ ಒಳಗಿರುವ ಬಿಡಿಭಾಗಗಳಿಂದ ಶೇಕಡಾ 14ರಷ್ಟು ತಪ್ಪು ಹೇಗೆ ಹುಟ್ಟಿತು? ಈ ಲೇಖನವು ಆ ಒಂದೇ ಪ್ರಶ್ನೆಯನ್ನು ಲೆಕ್ಕಸಮೇತ ಪರಿಶೀಲಿಸುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇವಿಷ್ಟೇ ಇದಕ್ಕೆ ಬೇಕಾದ ಗಣಿತ.

ಅಳೆಯಬೇಕಾದದ್ದು ಏನು?

ದೊಡ್ಡ ಕರೆಂಟನ್ನು ಅಳೆಯಲು ಅದರ ದಾರಿಯಲ್ಲಿ ಷಂಟ್ ಎಂಬ ಅತಿ ಕಡಿಮೆ ಪ್ರತಿರೋಧದ ಲೋಹದ ಪಟ್ಟಿಯನ್ನು ಇಡುತ್ತಾರೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಷಂಟ್‌ನ ಮೇಲೆ '100 ಆಂಪಿಯರ್, 75 ಮಿಲಿವೋಲ್ಟ್' ಎಂದು ಬರೆದಿರುತ್ತದೆ. ಅದರಲ್ಲಿ 100 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 75 ಮಿಲಿವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ ಎಂದು ಇದರ ಅರ್ಥ. ಒಂದು ಆಂಪಿಯರ್‌ಗೆ 0.75 ಮಿಲಿವೋಲ್ಟ್ ಎಂದಾಯಿತು.

ಈ ಷಂಟ್ ಬ್ಯಾಟರಿಯ ಧನ ತಂತಿಯಲ್ಲಿದ್ದರೆ ಅದರ ಎರಡೂ ತುದಿಗಳು ನೆಲದಿಂದ, ಅಂದರೆ ಬ್ಯಾಟರಿಯ ಋಣ ತುದಿಯಿಂದ, ಸುಮಾರು 12 ವೋಲ್ಟ್ ಎತ್ತರದಲ್ಲಿರುತ್ತವೆ. ಪೂರ್ಣ ಕರೆಂಟ್ ಹರಿಯುವಾಗ ಒಂದು ತುದಿ 12.000 ವೋಲ್ಟ್, ಇನ್ನೊಂದು ತುದಿ 11.925 ವೋಲ್ಟ್. ಬೇಕಾದ ಮಾಹಿತಿ ಇರುವುದು ಕೇವಲ 0.075 ವೋಲ್ಟ್ ವ್ಯತ್ಯಾಸದಲ್ಲಿ. ಉಳಿದ 12 ವೋಲ್ಟ್ ಎರಡೂ ಕಡೆ ಸಮಾನವಾಗಿದ್ದು, ಅಳತೆಯ ದೃಷ್ಟಿಯಿಂದ ನಿರುಪಯೋಗಿ. ಎರಡೂ ಕಡೆ ಸಮಾನವಾಗಿರುವ ಈ ಭಾಗವನ್ನು ಕಾಮನ್-ಮೋಡ್ ವೋಲ್ಟೇಜ್ ಎನ್ನುತ್ತಾರೆ.

ಲೆಕ್ಕಪತ್ರ ಬಲ್ಲವರಿಗೆ ಈ ಸನ್ನಿವೇಶ ಹೊಸದಲ್ಲ. 12 ಲಕ್ಷ ರೂಪಾಯಿ ಮಾರಾಟ, 11 ಲಕ್ಷ 92 ಸಾವಿರದ 500 ರೂಪಾಯಿ ವೆಚ್ಚ ಇರುವ ವ್ಯಾಪಾರದಲ್ಲಿ ಲಾಭ 7,500 ರೂಪಾಯಿ. ಮಾರಾಟದ ಮೊತ್ತವನ್ನು ಬರೆಯುವಾಗ ಶೇಕಡಾ 1ರಷ್ಟು ತಪ್ಪಾದರೆ 12,000 ರೂಪಾಯಿ ವ್ಯತ್ಯಾಸ ಬರುತ್ತದೆ. ಲಾಭವೇ ನಷ್ಟವಾಗಿ ಕಾಣಬಹುದು. ಎರಡು ದೊಡ್ಡ ಮೊತ್ತಗಳನ್ನು ಕಳೆದು ಸಣ್ಣ ಶೇಷವನ್ನು ಪಡೆಯುವ ಕಡೆಯಲ್ಲೆಲ್ಲ, ದೊಡ್ಡ ಮೊತ್ತದ ಸಣ್ಣ ತಪ್ಪು ಶೇಷವನ್ನು ನುಂಗಿಬಿಡುತ್ತದೆ. ವ್ಯತ್ಯಾಸ ವರ್ಧಕದ ಕಷ್ಟವೂ ಇದೇ.

ನಾಲ್ಕು ರೆಸಿಸ್ಟರ್‌ಗಳ ಸರ್ಕ್ಯೂಟ್

ವ್ಯತ್ಯಾಸ ವರ್ಧಕ, ಅಂದರೆ ಡಿಫರೆನ್ಸ್ ಆಂಪ್ಲಿಫೈಯರ್, ಒಂದು ಆಪ್-ಆಂಪ್ ಹಾಗೂ ನಾಲ್ಕು ರೆಸಿಸ್ಟರ್‌ಗಳಿಂದ ಆಗುತ್ತದೆ. ಷಂಟ್‌ನ ಲೋಡ್ ಕಡೆಯ ತುದಿಯಿಂದ R1 ಎಂಬ ರೆಸಿಸ್ಟರ್ ಆಪ್-ಆಂಪ್‌ನ ಋಣ ಪ್ರವೇಶಕ್ಕೆ ಬರುತ್ತದೆ. ಅದೇ ಬಿಂದುವಿನಿಂದ R2 ಔಟ್‌ಪುಟ್‌ಗೆ ಹೋಗುತ್ತದೆ. ಷಂಟ್‌ನ ಬ್ಯಾಟರಿ ಕಡೆಯ ತುದಿಯಿಂದ R3 ಧನ ಪ್ರವೇಶಕ್ಕೆ ಬರುತ್ತದೆ. ಅಲ್ಲಿಂದ R4 ನೆಲಕ್ಕೆ ಇಳಿಯುತ್ತದೆ. ಲೋಡ್ ಕಡೆಯ ವೋಲ್ಟೇಜನ್ನು V1 ಎಂದೂ ಬ್ಯಾಟರಿ ಕಡೆಯದನ್ನು V2 ಎಂದೂ ಕರೆದರೆ, ಔಟ್‌ಪುಟ್ ಹೀಗಿರುತ್ತದೆ:

```
Vout = V2 × [R4/(R3+R4)] × [1 + R2/R1] − V1 × (R2/R1)
```

ನೋಡಲು ಜಟಿಲವಾಗಿದ್ದರೂ ಇದರೊಳಗಿರುವುದು ಒಂದು ಜಮೆ ಮತ್ತು ಒಂದು ಖರ್ಚು. V2ವನ್ನು R3 ಮತ್ತು R4 ಮೊದಲು ಸ್ವಲ್ಪ ತಗ್ಗಿಸುತ್ತವೆ, ಅನಂತರ ಆಪ್-ಆಂಪ್ ಅದನ್ನು ಹಿಗ್ಗಿಸಿ ಜಮೆ ಮಾಡುತ್ತದೆ. V1 ನೇರವಾಗಿ ಹಿಗ್ಗಿ ಖರ್ಚಿಗೆ ಬೀಳುತ್ತದೆ. R2 ಮತ್ತು R1ರ ಅನುಪಾತವು R4 ಮತ್ತು R3ರ ಅನುಪಾತಕ್ಕೆ ಸರಿಯಾಗಿ ಸಮನಾಗಿದ್ದರೆ ಮಾತ್ರ ಎರಡೂ ಕಡೆಯ ಗುಣಕ ಒಂದೇ ಆಗಿ, ಸೂತ್ರವು ಸರಳವಾಗುತ್ತದೆ:

```
Vout = (R2/R1) × (V2 − V1)
```

R2/R1 ಎಂಬುದೇ ಈ ವರ್ಧಕದ ಗೇನ್. R1 ಮತ್ತು R3 ತಲಾ 10 ಕಿಲೋಓಮ್, R2 ಮತ್ತು R4 ತಲಾ 100 ಕಿಲೋಓಮ್ ಎಂದು ಇಟ್ಟರೆ ಗೇನ್ 10 ಆಗುತ್ತದೆ. ಷಂಟ್‌ನ 75 ಮಿಲಿವೋಲ್ಟ್ 750 ಮಿಲಿವೋಲ್ಟ್ ಆಗಿ ಹೊರಬರುತ್ತದೆ. ಪ್ರತಿ ಆಂಪಿಯರ್‌ಗೆ ಔಟ್‌ಪುಟ್‌ನಲ್ಲಿ 7.5 ಮಿಲಿವೋಲ್ಟ್ ಎಂಬ ಈ ದರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಲೆಕ್ಕಗಳೆಲ್ಲ ಅದರ ಮೇಲೆಯೇ ನಿಂತಿವೆ.

ಕರೆಂಟ್ ಶೂನ್ಯವಾಗಿರುವಾಗ ಏನಾಗುತ್ತದೆ ಎಂಬುದನ್ನು ಈಗ ನೋಡಬಹುದು. V1, V2 ಎರಡೂ 12 ವೋಲ್ಟ್. ಧನ ಪ್ರವೇಶದಲ್ಲಿ ಉಳಿಯುವುದು 12ರಲ್ಲಿ 110ಕ್ಕೆ 100 ಪಾಲು, ಅಂದರೆ 10.9091 ವೋಲ್ಟ್. ಅದು 11 ಪಟ್ಟು ಹಿಗ್ಗಿ 120 ವೋಲ್ಟ್‌ನಷ್ಟು ಜಮೆಯಾಗುತ್ತದೆ. ಇನ್ನೊಂದು ಕಡೆ 12 ವೋಲ್ಟ್ 10 ಪಟ್ಟಾಗಿ 120 ವೋಲ್ಟ್‌ನಷ್ಟು ಖರ್ಚಾಗುತ್ತದೆ. 120ರಲ್ಲಿ 120 ಕಳೆದರೆ ಶೂನ್ಯ, ಖಾತೆ ತಾಳೆಯಾಯಿತು. ಈ 120 ವೋಲ್ಟ್ ಬೋರ್ಡಿನ ಯಾವ ಬಿಂದುವಿನಲ್ಲೂ ಪ್ರತ್ಯಕ್ಷವಾಗಿ ಇರುವುದಿಲ್ಲ. ಆದರೆ ಔಟ್‌ಪುಟ್‌ನ ಶೂನ್ಯವು ಇಂತಹ ಎರಡು ದೊಡ್ಡ ಅಂಕಿಗಳು ಒಂದನ್ನೊಂದು ಪೂರ್ತಿಯಾಗಿ ತೊಡೆದುಹಾಕುವುದರಿಂದ ಬಂದ ಶೂನ್ಯ ಎಂಬುದನ್ನು ಮರೆಯಬಾರದು.

ಒಂದು ರೆಸಿಸ್ಟರ್, ಒಂದು ಶೇಕಡಾ

ಈಗ R4 ಮಾತ್ರ ಶೇಕಡಾ 1ರಷ್ಟು ಹೆಚ್ಚಾಗಿ 101 ಕಿಲೋಓಮ್ ಇದೆ, ಉಳಿದ ಮೂರೂ ಕರಾರುವಾಕ್ಕಾಗಿವೆ ಎಂದು ಇಟ್ಟುಕೊಳ್ಳಬಹುದು. ಧನ ಪ್ರವೇಶದಲ್ಲಿ ಈಗ 12ರಲ್ಲಿ 111ಕ್ಕೆ 101 ಪಾಲು, ಅಂದರೆ 10.9189 ವೋಲ್ಟ್. ಮೊದಲಿಗಿಂತ ಹತ್ತು ಮಿಲಿವೋಲ್ಟ್‌ನಷ್ಟೂ ಹೆಚ್ಚಿಲ್ಲ. ಆದರೆ ಅದು 11 ಪಟ್ಟು ಹಿಗ್ಗಿದಾಗ ಜಮೆ 120.108 ಆಗುತ್ತದೆ, ಖರ್ಚು 120 ಆಗಿಯೇ ಉಳಿಯುತ್ತದೆ. ಶೇಷ 0.108 ವೋಲ್ಟ್, ಅಂದರೆ 108 ಮಿಲಿವೋಲ್ಟ್. ಆಂಪಿಯರ್‌ಗೆ 7.5 ಮಿಲಿವೋಲ್ಟ್ ದರದಲ್ಲಿ ಮೀಟರು ತೋರಿಸುವುದು 14.4 ಆಂಪಿಯರ್. ಷಂಟ್‌ನಲ್ಲಿ ಹರಿಯುತ್ತಿರುವುದು ಶೂನ್ಯ.

ಇದೇ ಬೋರ್ಡಿನ ಗೇನ್ ಎಷ್ಟು ಕೆಟ್ಟಿದೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ. ಧನ ಕಡೆಯ ಗುಣಕ 10.009, ಋಣ ಕಡೆಯದು 10. ವ್ಯತ್ಯಾಸಕ್ಕೆ ಅನ್ವಯಿಸುವ ಗೇನ್ ಇವುಗಳ ಸರಾಸರಿಯಾದ 10.0045. ಅಂದರೆ ಗೇನ್‌ನಲ್ಲಿ ಆದ ತಪ್ಪು ಶೇಕಡಾ 0.05ಕ್ಕಿಂತ ಕಡಿಮೆ. 100 ಆಂಪಿಯರ್‌ಗೆ 0.05 ಆಂಪಿಯರ್ ಕೂಡ ಇಲ್ಲ. ಒಂದೇ ರೆಸಿಸ್ಟರ್‌ನ ಒಂದೇ ದೋಷವು ಗೇನನ್ನು ಮುಟ್ಟಿದ್ದೇ ತಿಳಿಯದಷ್ಟು ಮುಟ್ಟಿ, ಶೂನ್ಯವನ್ನು 14 ಆಂಪಿಯರ್‌ನಷ್ಟು ಕದಲಿಸಿದೆ. ಪ್ರಯೋಗಾಲಯದ ಮೇಜಿನ ಮೇಲೆ ಷಂಟ್‌ನ ಬದಲು ನೆಲಕ್ಕೆ ಹತ್ತಿರದ ಸಣ್ಣ ಸಿಗ್ನಲ್ ಕೊಟ್ಟು ಗೇನ್ ಮಾತ್ರ ಪರೀಕ್ಷಿಸಿದರೆ ಈ ಬೋರ್ಡು ಉತ್ತೀರ್ಣವಾಗುತ್ತದೆ. 12 ವೋಲ್ಟ್ ಬ್ಯಾಟರಿಗೆ ಜೋಡಿಸಿದ ದಿನ ಅನುತ್ತೀರ್ಣವಾಗುತ್ತದೆ.

ಎರಡೂ ಕಡೆ ಸಮಾನವಾದ ವೋಲ್ಟೇಜನ್ನು ತಿರಸ್ಕರಿಸುವ ಸಾಮರ್ಥ್ಯವನ್ನು ಕಾಮನ್-ಮೋಡ್ ರಿಜೆಕ್ಷನ್ ಎನ್ನುತ್ತಾರೆ. ವ್ಯತ್ಯಾಸದ ಗೇನನ್ನು ಕಾಮನ್-ಮೋಡ್ ಗೇನ್‌ನಿಂದ ಭಾಗಿಸಿದರೆ ಅದರ ಪ್ರಮಾಣ ಸಿಗುತ್ತದೆ. ಇಲ್ಲಿ 12 ವೋಲ್ಟ್‌ಗೆ 0.108 ವೋಲ್ಟ್ ಸೋರಿರುವುದರಿಂದ ಕಾಮನ್-ಮೋಡ್ ಗೇನ್ 0.009, 10ನ್ನು ಅದರಿಂದ ಭಾಗಿಸಿದರೆ ಸುಮಾರು 1,100. ಡೆಸಿಬೆಲ್‌ನಲ್ಲಿ ಹೇಳುವುದಾದರೆ ಸುಮಾರು 61. ಸರಳ ನಿಯಮವೊಂದನ್ನು ಹೀಗೆ ಬರೆಯಬಹುದು:

```
CMRR ≈ (1 + G) / d
```

ಇಲ್ಲಿ G ಎಂಬುದು ಗೇನ್; d ಎಂಬುದು ಎರಡು ಅನುಪಾತಗಳ ನಡುವಿನ ಒಟ್ಟು ಹೊಂದಿಕೆ ತಪ್ಪು. ಶೇಕಡಾ 1 ಎಂದರೆ d ಬೆಲೆ 0.01. ಈ ಉದಾಹರಣೆಗೆ ಇನ್ನೂ ಸುಲಭವಾದ ಲೆಕ್ಕ ಇಷ್ಟೇ: ಅನುಪಾತಗಳ ಹೊಂದಿಕೆ ಪ್ರತಿ ಶೇಕಡಾ 0.1 ತಪ್ಪಿದರೆ ಮೀಟರು ಸುಮಾರು ಒಂದೂವರೆ ಆಂಪಿಯರ್ ತಪ್ಪುತ್ತದೆ.

ನಾಲ್ಕೂ ತಪ್ಪಿದರೆ, ಮತ್ತು ನಾಲ್ಕೂ ಒಟ್ಟಿಗೆ ತಪ್ಪಿದರೆ

ನಾಲ್ಕು ರೆಸಿಸ್ಟರ್‌ಗಳೂ ಶೇಕಡಾ 1ರ ಮಿತಿಯ ಅಂಚಿನಲ್ಲಿದ್ದು, ಪ್ರತಿಯೊಂದೂ ಕೆಟ್ಟ ದಿಕ್ಕಿಗೇ ವಾಲಿದ್ದರೆ ಒಟ್ಟು ತಪ್ಪು ಶೇಕಡಾ 4 ಆಗುತ್ತದೆ. R1 10.1, R2 99, R3 9.9, R4 101 ಕಿಲೋಓಮ್ ಎಂದು ಮೇಲಿನ ಸೂತ್ರದಲ್ಲಿ ಹಾಕಿ ನೋಡಿದರೆ, ಶೂನ್ಯ ಕರೆಂಟಿನಲ್ಲಿ ಔಟ್‌ಪುಟ್ ಸುಮಾರು 428 ಮಿಲಿವೋಲ್ಟ್. ಮೀಟರು ತೋರಿಸುವುದು 57 ಆಂಪಿಯರ್. ಶೇಕಡಾ 0.1ರ ರೆಸಿಸ್ಟರ್‌ಗಳಾದರೆ ಅದೇ ಅತಿ ಕೆಟ್ಟ ಸ್ಥಿತಿಯಲ್ಲಿ 5.8 ಆಂಪಿಯರ್, ಶೇಕಡಾ 0.01ರದ್ದಾದರೆ 0.58 ಆಂಪಿಯರ್. ನಾಲ್ಕೂ ಒಂದೇ ಸಲ ಅಂಚಿಗೆ ಹೋಗಿ ಕೆಟ್ಟ ದಿಕ್ಕಿಗೆ ನಿಲ್ಲುವುದು ಅಪರೂಪ. ಆದರೆ ಸಾವಿರ ಬೋರ್ಡುಗಳಿಗೆ ಖಾತರಿ ಕೊಡುವ ತಯಾರಕನು ಅಪರೂಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ನಾಲ್ಕು ರೆಸಿಸ್ಟರ್‌ಗಳೂ ಒಟ್ಟಿಗೆ ಶೇಕಡಾ 1 ಹೆಚ್ಚಾಗಿದ್ದರೆ ಯಾವ ನಷ್ಟವೂ ಇಲ್ಲ, ಅನುಪಾತಗಳು ಬದಲಾಗುವುದಿಲ್ಲ. ಅಷ್ಟೇ ಅಲ್ಲ, 10 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳು ಪರಸ್ಪರ ಸಮನಾಗಿದ್ದು, 100 ಕಿಲೋಓಮ್‌ನ ಎರಡೂ ಪರಸ್ಪರ ಸಮನಾಗಿದ್ದರೆ ಸಾಕು. 10ರ ಜೋಡಿ ಹೆಚ್ಚಾಗಿ, 100ರ ಜೋಡಿ ಕಡಿಮೆಯಾಗಿದ್ದರೆ ಗೇನ್ ಸ್ವಲ್ಪ ಬದಲಾಗುತ್ತದೆ, ಶೂನ್ಯ ಕದಲುವುದಿಲ್ಲ. ಗೇನ್ ತಪ್ಪನ್ನು ಕೊನೆಯಲ್ಲಿ ಒಂದು ಗುಣಕದಿಂದ ಸರಿಪಡಿಸುವುದು ಸುಲಭ. ಆದ್ದರಿಂದ ಈ ಸರ್ಕ್ಯೂಟಿಗೆ ಬೇಕಾದದ್ದು ನಿಖರವಾದ ಬೆಲೆಯಲ್ಲ, ಜೋಡಿಯ ಹೊಂದಿಕೆ.

ಮಾದರಿ ಬೋರ್ಡುಗಳು ಸರಿಯಿದ್ದು ಅನಂತರದವು ತಪ್ಪುವುದಕ್ಕೆ ಕಾರಣವೂ ಇಲ್ಲಿಯೇ ಸಿಗುತ್ತದೆ. ಒಂದೇ ರೀಲಿನ ಅಕ್ಕಪಕ್ಕದ ರೆಸಿಸ್ಟರ್‌ಗಳು ಒಂದೇ ಸಲ ತಯಾರಾದವುಗಳಾಗಿದ್ದು, ಸಾಮಾನ್ಯವಾಗಿ ಪರಸ್ಪರ ಬಹಳ ಹತ್ತಿರದ ಬೆಲೆ ಹೊಂದಿರುತ್ತವೆ. ಮಾದರಿಯಲ್ಲಿ ಇದರ ಲಾಭ ತಾನಾಗಿಯೇ ಸಿಕ್ಕಿರುತ್ತದೆ. ಉತ್ಪಾದನೆಯಲ್ಲಿ ಒಂದು ರೀಲು ಮುಗಿದು ಇನ್ನೊಂದು ತಯಾರಕನ ರೀಲು ಸೇರಿದಾಗ, ಅಥವಾ ಬಿಡಿಯಾಗಿ ತಂದ ಸರಕು ಡಬ್ಬಿಯಲ್ಲಿ ಬೆರೆತಾಗ, R1 ಒಂದು ಕಡೆಯದು, R3 ಇನ್ನೊಂದು ಕಡೆಯದು ಆಗುತ್ತದೆ. ಎರಡೂ ಶೇಕಡಾ 1ರ ಒಳಗೇ ಇವೆ. ಆದರೆ ಪರಸ್ಪರ ಶೇಕಡಾ 2ರವರೆಗೂ ದೂರವಿರಬಹುದು.

ದುಬಾರಿ ಆಪ್-ಆಂಪ್ ಹಾಕಿದರೆ ಸರಿಹೋಗುವುದೇ?

ಇಂತಹ ದೂರು ಬಂದಾಗ ಮೊದಲು ಹೊಳೆಯುವ ಉಪಾಯ ಆಪ್-ಆಂಪ್ ಬದಲಿಸುವುದು. ಆಪ್-ಆಂಪ್‌ಗೂ ತನ್ನದೇ ಆದ ಕಾಮನ್-ಮೋಡ್ ರಿಜೆಕ್ಷನ್ ಇದೆ. 100 ಡೆಸಿಬೆಲ್ ಎಂದರೆ ಒಂದು ಲಕ್ಷ ಪಟ್ಟು. ಅಂತಹ ಆಪ್-ಆಂಪ್ ಈ ಉದಾಹರಣೆಯಲ್ಲಿ ಸೇರಿಸುವ ತಪ್ಪು ಸುಮಾರು 0.16 ಆಂಪಿಯರ್. ಅದನ್ನು 120 ಡೆಸಿಬೆಲ್‌ನದ್ದಕ್ಕೆ ಬದಲಿಸಿದರೆ ಆ 0.16ರ ಬದಲು 0.016 ಆಗುತ್ತದೆ. ಆದರೆ ರೆಸಿಸ್ಟರ್‌ಗಳ 14 ಆಂಪಿಯರ್ ಹಾಗೆಯೇ ಉಳಿಯುತ್ತದೆ, ಏಕೆಂದರೆ ತಪ್ಪು ಆಪ್-ಆಂಪ್‌ನ ಒಳಗೆ ಹುಟ್ಟಿದ್ದಲ್ಲ. ಅದರ ಬಾಗಿಲಿಗೆ ಬರುವ ಮೊದಲೇ ನಿಜವಾದ ವ್ಯತ್ಯಾಸದ ವೇಷ ಹಾಕಿಕೊಂಡು ಬಂದದ್ದು. ಉತ್ತಮ ಆಪ್-ಆಂಪ್ ಆ ಸುಳ್ಳು ವ್ಯತ್ಯಾಸವನ್ನು ನಿಷ್ಠೆಯಿಂದ ಹಿಗ್ಗಿಸುತ್ತದೆ.

ಆಪ್-ಆಂಪ್ ಆರಿಸುವಾಗ ನೋಡಬೇಕಾದ ಬೇರೊಂದು ಅಂಶವಿದೆ. ಚಾರ್ಜ್ ಆಗುವಾಗ ಸೀಸ-ಆಮ್ಲ ಬ್ಯಾಟರಿಯ ವೋಲ್ಟೇಜ್ 14.4ರವರೆಗೆ ಏರುತ್ತದೆ. ಆಗ ಆಪ್-ಆಂಪ್‌ನ ಪ್ರವೇಶಗಳು 13.1 ವೋಲ್ಟ್‌ಗೆ ಬರುತ್ತವೆ. ಧನ ಮತ್ತು ಋಣ 15 ವೋಲ್ಟ್ ಸರಬರಾಜಿನಲ್ಲಿ ಕೆಲಸ ಮಾಡುವ ಎಲ್ಲ ಆಪ್-ಆಂಪ್‌ಗಳೂ ಅಷ್ಟು ಎತ್ತರದ ಪ್ರವೇಶವನ್ನು ತಾಳುವ ಖಾತರಿ ಕೊಡುವುದಿಲ್ಲ. ದತ್ತಾಂಶ ಪತ್ರದಲ್ಲಿ ಇನ್‌ಪುಟ್ ಕಾಮನ್-ಮೋಡ್ ವ್ಯಾಪ್ತಿ ಎಂಬ ಸಾಲನ್ನು ಓದಿ ನಿರ್ಧರಿಸಬೇಕು. 5 ವೋಲ್ಟ್ ಸರಬರಾಜಿನ ಸಾಮಾನ್ಯ ಆಪ್-ಆಂಪ್‌ಗಂತೂ ಈ ರೆಸಿಸ್ಟರ್‌ಗಳು ಹೊಂದುವುದೇ ಇಲ್ಲ.

ರೋಗವನ್ನು ಗುರುತಿಸುವ ಪರೀಕ್ಷೆ

ಮೀಟರು ಶೂನ್ಯದಲ್ಲಿ ತಪ್ಪು ತೋರಿಸಲು ಆಪ್-ಆಂಪ್‌ನ ಆಫ್‌ಸೆಟ್ ವೋಲ್ಟೇಜ್ ಕೂಡ ಕಾರಣವಾಗಬಹುದು. ಇವೆರಡನ್ನು ಪ್ರತ್ಯೇಕಿಸುವುದು ಕಷ್ಟವಲ್ಲ. ವರ್ಧಕದ ಎರಡೂ ಪ್ರವೇಶ ತಂತಿಗಳನ್ನು ಒಟ್ಟಿಗೆ ಸೇರಿಸಿ, ಬದಲಾಯಿಸಬಹುದಾದ ಡಿಸಿ ಸಪ್ಲೈಗೆ ಜೋಡಿಸಬೇಕು. ವೋಲ್ಟೇಜನ್ನು 0, 6, 12, 14.4 ಎಂದು ಏರಿಸುತ್ತಾ ಔಟ್‌ಪುಟ್ ಬರೆದುಕೊಳ್ಳಬೇಕು. ಔಟ್‌ಪುಟ್ ಎಲ್ಲ ಕಡೆಯೂ ಒಂದೇ ಆಗಿದ್ದರೆ ಅದು ಆಫ್‌ಸೆಟ್. ವೋಲ್ಟೇಜಿನ ಜೊತೆಯಲ್ಲಿ ನೇರ ಪ್ರಮಾಣದಲ್ಲಿ ಏರುತ್ತಾ ಹೋದರೆ ಅದು ಹೊಂದಿಕೆ ತಪ್ಪಿದ ರೆಸಿಸ್ಟರ್‌ಗಳ ಕೆಲಸ. ಎಲ್ಲಿಯವರೆಗೋ ಸರಿಯಾಗಿದ್ದು ಇದ್ದಕ್ಕಿದ್ದಂತೆ ದಾರಿ ತಪ್ಪಿದರೆ ಆಪ್-ಆಂಪ್‌ನ ಪ್ರವೇಶ ವ್ಯಾಪ್ತಿ ಮೀರಿದೆ ಎಂದು ತಿಳಿಯಬೇಕು. ಐದು ನಿಮಿಷದ ಈ ಪರೀಕ್ಷೆಯು ಯಾವ ಬಿಡಿಭಾಗದ ಮೇಲೆ ಹಣ ಹಾಕಬೇಕು ಎಂಬುದನ್ನು ತೀರ್ಮಾನಿಸಿಕೊಡುತ್ತದೆ.

ಈ ಪರೀಕ್ಷೆ ಮಾಡದೆ, ಶೂನ್ಯ ಕರೆಂಟಿನಲ್ಲಿ ಬಂದ 14.4 ಆಂಪಿಯರನ್ನು ಮೈಕ್ರೋಕಂಟ್ರೋಲರ್‌ನ ಪ್ರೋಗ್ರಾಮಿನಲ್ಲಿ ಕಳೆದುಬಿಟ್ಟರೆ ಏನಾಗುತ್ತದೆ? 12 ವೋಲ್ಟ್ ಇರುವವರೆಗೆ ಮೀಟರು ಸರಿಯಾಗಿ ಶೂನ್ಯ ತೋರಿಸುತ್ತದೆ. ಬ್ಯಾಟರಿ ಚಾರ್ಜ್ ಆಗಿ 14.4 ವೋಲ್ಟ್ ತಲುಪಿದಾಗ ಸೋರಿಕೆ 17.3 ಆಂಪಿಯರ್ ಆಗುತ್ತದೆ, 14.4 ಕಳೆದ ಮೇಲೂ 2.9 ಆಂಪಿಯರ್ ಉಳಿಯುತ್ತದೆ. ಬ್ಯಾಟರಿ ಖಾಲಿಯಾಗಿ 10.5ಕ್ಕೆ ಇಳಿದಾಗ ಸೋರಿಕೆ 12.6, ಮೀಟರು ವಿರುದ್ಧ ದಿಕ್ಕಿನಲ್ಲಿ 1.8 ಆಂಪಿಯರ್ ತೋರಿಸುತ್ತದೆ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಕರೆಂಟನ್ನು ಗಂಟೆಗಟ್ಟಲೆ ಕೂಡಿಸಿ ಲೆಕ್ಕ ಹಾಕುವ ಸಾಧನದಲ್ಲಿ ಇದು ದೊಡ್ಡ ತಪ್ಪು. 2.9 ಆಂಪಿಯರ್ ತಪ್ಪು ಹತ್ತು ಗಂಟೆಗಳಲ್ಲಿ 29 ಆಂಪಿಯರ್-ಗಂಟೆ ಆಗುತ್ತದೆ. 100 ಆಂಪಿಯರ್-ಗಂಟೆಯ ಬ್ಯಾಟರಿಯ ಕಾಲು ಭಾಗಕ್ಕಿಂತ ಹೆಚ್ಚು. ಗ್ರಾಹಕನ ಕಣ್ಣಿಗೆ ದೋಷ ಬ್ಯಾಟರಿಯದ್ದೆಂದು ಕಾಣುತ್ತದೆ, ಮತ್ತು ದೂರು ತಪ್ಪು ವಿಳಾಸಕ್ಕೆ ಹೋಗುತ್ತದೆ.

ಟ್ರಿಮ್ಮರ್, ಉಷ್ಣತೆ ಮತ್ತು ತಂತಿಗಳು

ಇನ್ನೊಂದು ಪ್ರಚಲಿತ ಉಪಾಯವೆಂದರೆ R4ರ ಜಾಗದಲ್ಲಿ 97.6 ಕಿಲೋಓಮ್‌ನ ರೆಸಿಸ್ಟರ್ ಹಾಗೂ 5 ಕಿಲೋಓಮ್‌ನ ಟ್ರಿಮ್ಮರನ್ನು ಸರಣಿಯಲ್ಲಿ ಇಡುವುದು. ಎರಡೂ ಪ್ರವೇಶಗಳನ್ನು ಸೇರಿಸಿ, ಸಪ್ಲೈಯನ್ನು 0 ಮತ್ತು 14.4 ವೋಲ್ಟ್‌ಗಳ ನಡುವೆ ಬದಲಾಯಿಸಿದಾಗ ಔಟ್‌ಪುಟ್ ಕದಲದಂತೆ ತಿರುಪನ್ನು ತಿರುಗಿಸಬೇಕು. ಔಟ್‌ಪುಟ್ ಶೂನ್ಯವಾಗುವಂತೆ ತಿರುಗಿಸುವುದಕ್ಕಿಂತ, ಕದಲದಂತೆ ತಿರುಗಿಸುವುದು ಸರಿಯಾದ ಕ್ರಮ. ಇಲ್ಲವಾದರೆ ಆಫ್‌ಸೆಟ್ ತಪ್ಪನ್ನು ಮುಚ್ಚಲು ಹೊಂದಿಕೆಯನ್ನು ಕೆಡಿಸಿದಂತಾಗುತ್ತದೆ.

ಆದರೆ ಈ ತಿದ್ದುಪಡಿಯು ತಿದ್ದಿದ ದಿನದ ಉಷ್ಣತೆಗೆ ಮಾತ್ರ ಸರಿ. ಉಷ್ಣತೆ ಬದಲಾದಂತೆ ರೆಸಿಸ್ಟರ್‌ನ ಬೆಲೆಯೂ ಬದಲಾಗುತ್ತದೆ. ಜೋಡಿಯ ಎರಡು ರೆಸಿಸ್ಟರ್‌ಗಳ ಬದಲಾವಣೆಯಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 50 ಭಾಗದಷ್ಟು ವ್ಯತ್ಯಾಸವಿದ್ದರೆ, ಇನ್ವರ್ಟರ್ ಪೆಟ್ಟಿಗೆಯೊಳಗೆ 30 ಡಿಗ್ರಿ ಏರಿದಾಗ ಶೇಕಡಾ 0.15ರಷ್ಟು ಹೊಂದಿಕೆ ತಪ್ಪುತ್ತದೆ. ಅದರ ಬೆಲೆ 2.2 ಆಂಪಿಯರ್. ಬೆಳಿಗ್ಗೆ ಸರಿಯಿದ್ದ ಮೀಟರು ಮಧ್ಯಾಹ್ನ ತಪ್ಪುವುದಕ್ಕೆ ಇದೂ ಒಂದು ಕಾರಣ. ಜೋಡಿ ರೆಸಿಸ್ಟರ್‌ಗಳನ್ನು ಬೋರ್ಡಿನಲ್ಲಿ ಅಕ್ಕಪಕ್ಕದಲ್ಲಿ, ಬಿಸಿಯಾಗುವ ಭಾಗಗಳಿಂದ ಸಮದೂರದಲ್ಲಿ ಇಡಬೇಕೆನ್ನುವುದು ಇದೇ ಕಾರಣಕ್ಕೆ.

ಬೋರ್ಡಿನ ಹೊರಗಿನ ದಾರಿಯೂ ಲೆಕ್ಕಕ್ಕೆ ಸೇರುತ್ತದೆ. ಪ್ರವೇಶ ತಂತಿಯಲ್ಲಿ ಇರುವ ಪ್ರತಿರೋಧ R1 ಅಥವಾ R3ಕ್ಕೆ ಕೂಡಿಕೊಳ್ಳುತ್ತದೆ. ರಕ್ಷಣೆಗೆಂದು ಒಂದು ತಂತಿಯಲ್ಲಿ ಮಾತ್ರ 100 ಓಮ್‌ನ ರೆಸಿಸ್ಟರ್ ಹಾಕಿದರೆ ಅದು 10 ಕಿಲೋಓಮ್‌ನ ಶೇಕಡಾ 1. ಅತ್ಯುತ್ತಮವಾಗಿ ಹೊಂದಿಸಿದ ಬೋರ್ಡು ಕೂಡ 14 ಆಂಪಿಯರ್ ತಪ್ಪುತ್ತದೆ. ರಕ್ಷಣೆ ಬೇಕೆಂದರೆ ಎರಡೂ ತಂತಿಗಳಲ್ಲಿ ಸಮಾನವಾಗಿ ಹಾಕಬೇಕು.

ಹಣ ಎಲ್ಲಿ ಹಾಕಬೇಕು?

ತಯಾರಕನ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಷಂಟನ್ನು ಬ್ಯಾಟರಿಯ ಋಣ ತಂತಿಗೆ ಸ್ಥಳಾಂತರಿಸುವುದು. ಅಲ್ಲಿ ಕಾಮನ್-ಮೋಡ್ ವೋಲ್ಟೇಜ್ ಹೆಚ್ಚುಕಡಿಮೆ ಶೂನ್ಯವಾದ್ದರಿಂದ, ಶೇಕಡಾ 1ರ ರೆಸಿಸ್ಟರ್‌ಗಳೇ ಧಾರಾಳವಾಗಿ ಸಾಕು. ಖರ್ಚಿಲ್ಲದ ಪರಿಹಾರ ಇದು. ಆದರೆ ವಾಹನಗಳಂತೆ ಲೋಹದ ಚಾಸಿಯೇ ಋಣ ದಾರಿಯಾಗಿರುವ ಕಡೆ ಎಲ್ಲ ಕರೆಂಟೂ ಆ ಷಂಟ್ ಮೂಲಕವೇ ಮರಳುವುದೆಂಬ ಭರವಸೆ ಇರುವುದಿಲ್ಲ. ಅಲ್ಲಿ ಧನ ತಂತಿಯೇ ಗತಿ.

ಎರಡನೆಯದು ರೆಸಿಸ್ಟರ್‌ಗಳನ್ನು ಅಳೆದು ಜೋಡಿ ಮಾಡುವುದು. ಇದಕ್ಕೆ ಮೀಟರಿನ ಸಂಪೂರ್ಣ ನಿಖರತೆ ಮುಖ್ಯವಲ್ಲ. ಒಂದೇ ಮೀಟರು ಎರಡನ್ನೂ ಒಂದೇ ರೀತಿ ಓದಿದರೆ ಸಾಕು. 10ರ ಜೋಡಿ ಮತ್ತು 100ರ ಜೋಡಿ ತಲಾ ಶೇಕಡಾ 0.05ರೊಳಗೆ ಹೊಂದಿದರೆ ತಪ್ಪು ಒಂದೂವರೆ ಆಂಪಿಯರ್ ದಾಟುವುದಿಲ್ಲ. ತಿಂಗಳಿಗೆ ಐವತ್ತು ಬೋರ್ಡು ಮಾಡುವ ಘಟಕಕ್ಕೆ ಇದು ಸಾಧ್ಯ. ಐದು ಸಾವಿರ ಮಾಡುವವರಿಗೆ ಕೂಲಿಯೇ ಭಾರವಾಗುತ್ತದೆ. ಉಷ್ಣತೆಯ ಪ್ರಶ್ನೆ ಹೀಗೆ ಜೋಡಿ ಮಾಡಿದ ಮೇಲೂ ಉಳಿದಿರುತ್ತದೆ.

ಮೂರನೆಯದು ಒಂದೇ ತಳದ ಮೇಲೆ ಒಟ್ಟಿಗೆ ತಯಾರಾದ ರೆಸಿಸ್ಟರ್ ಜಾಲವನ್ನು ಕೊಳ್ಳುವುದು. ಉದಾಹರಣೆಗೆ ಎಲ್‌ಟಿ5400 ಎಂಬ ಜಾಲದ ಉತ್ತಮ ದರ್ಜೆಯಲ್ಲಿ ನಾಲ್ಕು ರೆಸಿಸ್ಟರ್‌ಗಳ ಹೊಂದಿಕೆ ಶೇಕಡಾ 0.01, 10 ಮತ್ತು 100 ಕಿಲೋಓಮ್ ಬೆಲೆಗಳ ಜೋಡಿಯಲ್ಲೂ ಅದು ಲಭ್ಯ. ಅಂತಹ ಹೊಂದಿಕೆಯಲ್ಲಿ ಈ ಮೀಟರಿನ ತಪ್ಪು 0.15 ಆಂಪಿಯರ್‌ನ ಸುಮಾರಿಗೆ ಬರುತ್ತದೆ. ನಾಲ್ಕೂ ಒಂದೇ ತಳದ ಮೇಲಿರುವುದರಿಂದ ಒಟ್ಟಿಗೆ ಬಿಸಿಯಾಗಿ ಒಟ್ಟಿಗೆ ಬದಲಾಗುತ್ತವೆ, ಅನುಪಾತ ಉಳಿಯುತ್ತದೆ. ಆಪ್-ಆಂಪ್ ಮತ್ತು ಹೊಂದಿಸಿದ ರೆಸಿಸ್ಟರ್‌ಗಳು ಒಂದೇ ಐಸಿಯಲ್ಲಿ ಇರುವ ಸಿದ್ಧ ವ್ಯತ್ಯಾಸ ವರ್ಧಕಗಳೂ ಇವೆ. ಐಎನ್‌ಎ117 ಎಂಬುದು 200 ವೋಲ್ಟ್‌ವರೆಗಿನ, ಎಡಿ629 ಎಂಬುದು 270 ವೋಲ್ಟ್‌ವರೆಗಿನ ಕಾಮನ್-ಮೋಡ್ ವೋಲ್ಟೇಜನ್ನು ತಾಳುವಂತೆ ರಚಿತವಾಗಿವೆ. ಅವುಗಳ ಗೇನ್ 1 ಮಾತ್ರ ಆದ್ದರಿಂದ ಷಂಟ್‌ನ ಸಣ್ಣ ಸಿಗ್ನಲ್‌ಗೆ ಮುಂದೆ ಇನ್ನೊಂದು ಹಂತದ ವರ್ಧನೆ ಬೇಕಾಗುತ್ತದೆ.

ಯಾವ ದಾರಿ ಆರಿಸಿದರೂ ಖರೀದಿ ಆದೇಶದ ಭಾಷೆ ಅದಕ್ಕೆ ತಕ್ಕಂತೆ ಬದಲಾಗಬೇಕು. '10 ಕಿಲೋಓಮ್, ಶೇಕಡಾ 1' ಎಂದು ಆದೇಶಿಸಿ, ಶೇಕಡಾ 1ರ ಒಳಗಿನ ಸರಕು ಬಂದರೆ, 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಮು ಹೇಳುವ ವಿವರಣೆಗೆ ಸರಕು ಹೊಂದಿಯೇ ಇದೆ. ಮೀಟರು 14 ಆಂಪಿಯರ್ ತಪ್ಪಿತೆಂಬ ಕಾರಣಕ್ಕೆ ಅದನ್ನು ಹಿಂದಿರುಗಿಸುವುದು ಕಷ್ಟ. ಉದ್ದೇಶವನ್ನು ಮಾರಾಟಗಾರನಿಗೆ ಮೊದಲೇ ತಿಳಿಸಿ ಅವನ ಪರಿಣತಿಯನ್ನು ನೆಚ್ಚಿದಾಗ ಮಾತ್ರ 16ನೇ ಕಲಮಿನ ಆಸರೆ ಸಿಗಬಹುದು. ಆದ್ದರಿಂದ ಆದೇಶದಲ್ಲಿ ಮೂರು ವಿಷಯಗಳು ಲಿಖಿತವಾಗಿರಬೇಕು: ಜೋಡಿಯೊಳಗಿನ ಹೊಂದಿಕೆ ಎಷ್ಟು ಶೇಕಡಾ, ಉಷ್ಣತೆಯೊಂದಿಗೆ ಆ ಹೊಂದಿಕೆ ಪ್ರತಿ ಡಿಗ್ರಿಗೆ ಎಷ್ಟು ಬದಲಾಗಬಹುದು, ಮತ್ತು ಒಂದು ಪೂರೈಕೆಯಲ್ಲಿ ಒಂದೇ ತಯಾರಕನ ಒಂದೇ ಬ್ಯಾಚಿನ ಸರಕು ಇರಬೇಕೆಂಬುದು.

ಈ ಅಂಕಿಗಳನ್ನು ನಿರ್ಧರಿಸುವುದಕ್ಕೆ ಕೊನೆಯಿಂದ ಮೊದಲಿಗೆ ಲೆಕ್ಕ ಹಾಕುವುದು ಸುಲಭ. ಗ್ರಾಹಕನಿಗೆ ಒಪ್ಪಿಕೊಂಡ ತಪ್ಪು 1 ಆಂಪಿಯರ್ ಆಗಿದ್ದರೆ, ಅದು ಷಂಟ್‌ನಲ್ಲಿ 0.75 ಮಿಲಿವೋಲ್ಟ್. ಬ್ಯಾಟರಿಯ ಗರಿಷ್ಠ 14.4 ವೋಲ್ಟನ್ನು ಅದರಿಂದ ಭಾಗಿಸಿದರೆ 19,200. ಇದು ಬೇಕಾದ ಕಾಮನ್-ಮೋಡ್ ರಿಜೆಕ್ಷನ್, ಸುಮಾರು 86 ಡೆಸಿಬೆಲ್. ಗೇನ್‌ಗೆ 1 ಸೇರಿಸಿ ಬಂದ 11ನ್ನು 19,200ರಿಂದ ಭಾಗಿಸಿದರೆ 0.00057, ಅಂದರೆ ಶೇಕಡಾ 0.057. ನಾಲ್ಕು ರೆಸಿಸ್ಟರ್‌ಗಳ ಎಲ್ಲ ಬಗೆಯ ಹೊಂದಿಕೆ ತಪ್ಪು, ಉಷ್ಣತೆಯ ಪಾಲೂ ಸೇರಿ, ಇದರೊಳಗೆ ಇರಬೇಕು. ಶೇಕಡಾ 1ರ ರೆಸಿಸ್ಟರ್‌ಗಳಿಂದ ಇದು ಏಕೆ ಸಾಧ್ಯವಿಲ್ಲ ಎಂಬುದು ಈ ಒಂದು ಅಂಕಿಯಿಂದಲೇ ತಿಳಿಯುತ್ತದೆ, ಮತ್ತು ಅದನ್ನು ಸರಕು ತರಿಸುವ ಮೊದಲು ತಿಳಿದುಕೊಳ್ಳುವುದಕ್ಕೆ ಒಂದು ಹಾಳೆ ಕಾಗದ ಸಾಕು.